ಆರು ಸೀಸನ್ ದುಡಿದವನ ಲೆಕ್ಕ

ನರಗುಂದದ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತೆ ಯಾಸ್ಮಿನ ಚಡಪಡಿಸುತ್ತಿದ್ದಳು. ನೌಕರರ ನಿಯಮ ಪುಸ್ತಕ ನೋಡಿ ಅವಳೇ ಕಂಪ್ಯೂಟರಿನಲ್ಲಿ ಮಾಡಿದ ಕೋಷ್ಟಕ ಎದುರಿಗಿತ್ತು: ಗ್ರೇಡು, ಸೇವೆಯ ವರ್ಷ ಹಾಕಿದರೆ ಸೌಲಭ್ಯ ಕಾಣುತ್ತದೆ. ಸಿ ಗ್ರೇಡಿನವರಿಗೆ ಐದು ವರ್ಷ ತುಂಬಿದರೆ ತಂದೆತಾಯಿಗೂ ಆಸ್ಪತ್ರೆ ವಿಮೆ.

ನಿನ್ನೆ ಸಿ ಗ್ರೇಡಿನ ದುರಗೇಶ ಬಂದಿದ್ದ. "ಅವ್ವನ ಆಪರೇಶನ್‌ಗೆ ವಿಮಾ ಬರತೈತೇನ್ರಿ? ಆರು ಸೀಸನ್ ದುಡದೀನ್ರಿ."

ಸೀಸನ್ನಿಗೆ ಎಂಟು ತಿಂಗಳು, ಅಂದರೆ ನಾಲ್ಕೇ ವರ್ಷ. "ಬರಂಗಿಲ್ಲ" ಎಂದುಬಿಟ್ಟಿದ್ದಳು.

ಇಂದು ಪುಸ್ತಕದ ಕೊನೆಯ ಪುಟದಲ್ಲಿ ಕಣ್ಣಿಗೆ ಬಿತ್ತು: ಸೀಸನ್ನುಗಳ ನಡುವೆ ಮಿಲ್ಲು ಮುಚ್ಚಿದ ತಿಂಗಳುಗಳೂ ಸೇವೆಯೇ. ಹಾಗೆ ಎಣಿಸಿದರೆ ದುರಗೇಶನದು ಐದೂವರೆ ವರ್ಷ ದಾಟಿತ್ತು. ತಕ್ಷಣ ಫೋನು ಮಾಡಿದಳು.

"ದುರಗೇಶ, ವಿಮಾ ಐತಪಾ! ತಪ್ಪು ನಂದು."

"ವಿಮಾ ಇಲ್ಲಂದಕೂಡ್ಲೆ ಅವ್ವ ನಿನ್ನೇನ ಆಪರೇಶನ್ ಬ್ಯಾಡಂತ ದವಾಖಾನಿ ಬಿಟ್ಟ ಬಂದ್ಲರಿ. ಈಗ ಹೊಲದಾಗ ಕಸ ತಗ್ಯಾಕತ್ತಾಳ. ವಿಮಾ ಐತಂತ ನಾ ಹೇಳಿದ್ರ ನಂಬಂಗಿಲ್ರಿ."

ಯಾಸ್ಮಿನ ಪುಸ್ತಕವನ್ನೇ ಎತ್ತಿಕೊಂಡು ಹೊಲದ ದಾರಿ ಹಿಡಿದಳು.