ಎಲ್ಲರೂ ಒಪ್ಪಿದ ಪ್ಲಾನು

ಹೊಲಿಗೆ ಕ್ಲಾಸಿನಲ್ಲಿ ಜೊತೆಯಾದ ಮೂವರು ಗೆಳತಿಯರು ಟೂರು ಹೊರಡುವುದಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಇಪ್ಪತ್ತು ದಿನ ಕಿತ್ತಾಡಿದರು. ಕೊನೆಗೆ ಕೆ.ಆರ್. ನಗರದ ಚೆಲುವಮ್ಮ, "ಶಹನಾಜ್, ಎಲ್ಲಾನೂ ಓದಿ ಒಂದು ಫೈನಲ್ ಮಾಡಾಕು. ಆಮೇಲೆ ಯಾರೂ ತುಟಿ ಬಿಚ್ಚಂಗಿಲ್ಲ" ಎಂದು ಅಪ್ಪಣೆ ಕೊಟ್ಟಳು.

ಹುಣಸೂರಿನಲ್ಲಿ ಟೈಲರ್ ಅಂಗಡಿ ಇಟ್ಟಿರುವ ಶಹನಾಜಳಿಗೆ ತನ್ನ ಅಚ್ಚುಕಟ್ಟಿನ ಬಗ್ಗೆ ವಿಪರೀತ ಜಂಬ. ನಾನೂರು ಮೆಸೇಜನ್ನು ಸರಸರ ಓದಿ ನಾಲ್ಕು ಸಾಲಿಗೆ ಇಳಿಸಿದಳು:

"ಎಲ್ಲರೂ ಒಪ್ಪಿದ ಪ್ಲಾನ್. ಶನಿವಾರ ಬೆಳಗ್ಗೆ ಏಳಕ್ಕೆ ಹುಣಸೂರು ಬಸ್ ಸ್ಟ್ಯಾಂಡು. ಮಧ್ಯಾಹ್ನ ಕಾಕನಕೋಟೆ ಕಾಡಿನ ದಾರಿ ಹಿಡಿದು, ಸಂಜೆ ಆರಕ್ಕೆ ಗೇಟು ಮುಚ್ಚೋದರೊಳಗೆ ಬಾವಲಿ ಚೆಕ್‌ಪೋಸ್ಟು ದಾಟೋದು. ರಾತ್ರಿ ಕೇರಳದ ಮಾನಂದವಾಡಿಲಿ ರೂಮು, ಭಾನುವಾರ ವಾಪಸ್."

ಮರುದಿನ ಮೂರನೆಯವಳು, ಹನಗೋಡಿನ ಪುಟ್ಟಿ, ಬಸ್ಸು ಹತ್ತಿ ನೇರ ಅಂಗಡಿಗೇ ಬಂದಳು. ಹೊಗೆಸೊಪ್ಪು ಮುರಿದ ಕೈ, ಅಂಟು ಹತ್ತಿ ಕರ‍್ರಗಾಗಿತ್ತು. ಬಟ್ಟೆಗೆ ಕಾಯುತ್ತಿದ್ದ ಗುಲ್ಜಾರ್ ಬೀ ಅವಳ ಮುಖ ನೋಡಿಯೇ ಪಕ್ಕಕ್ಕೆ ಸರಿದರು.

"ಯಾರೇ ಒಪ್ಪಿದ್ದು?"

"ಎಲ್ಲಾರೂ ಕಣೇ. ನೀನೆಲ್ಲಿ ಬ್ಯಾಡ ಅಂದೆ? ಒಂದಕ್ಷರ ಬರ್ದಿಲ್ಲ."

"ಈ ಕೈಲಿ ಫೋನ್ ಮೇಲೆ ಬರೆಯಕ್ಕಾಯ್ತದಾ? ಬಾಯಲ್ಲಿ ಯೋಳಿ ಕಳ್ಸಿದ್ದೆ, ಏಳು ಸಲ!"

"ಕೇಳ್ದೆ ಬುಡು," ಎಂದಳು ಶಹನಾಜ್. ಹಸಿ ಸುಳ್ಳು.

ಪುಟ್ಟಿ ತನ್ನ ವಾಯ್ಸ್ ಮೆಸೇಜೊಂದನ್ನು ಒತ್ತಿ ಹಿಡಿದು ಅದರ ವಿವರ ತೆರೆದಳು. ಕೇಳಿದವರ ಪಟ್ಟಿಯಲ್ಲಿ ಚೆಲುವಮ್ಮನ ಹೆಸರೊಂದೇ ಇತ್ತು. ಏಳನ್ನೂ ಒಂದೊಂದಾಗಿ ತೆರೆದು ತೋರಿಸಿದಳು. ಏಳರಲ್ಲೂ ಅಷ್ಟೇ.

"ಅವ್ಳು ಕೇಳಿ ಬಾಯ್ಮುಚ್ಕೊಂಡ್ಳು. ನೀನು ಕೇಳ್ಲೇ ಇಲ್ಲ. ಫೈನಲ್ಲಂತೆ, ಥೂ!"

ಅವಳು ಮೆಟ್ಟಿಲಿಳಿದು ಹೋದಳು. ಶಹನಾಜಳಿಗೆ ನಾಚಿಕೆಗಿಂತ ಮೊದಲು ಸಿಟ್ಟೇ ಬಂತು, ಗಿರಾಕಿಯ ಎದುರು ಮರ್ಯಾದೆ ತೆಗೆದಳಲ್ಲ ಎಂದು. ಆ ಸಿಟ್ಟಿನಲ್ಲೇ ತನ್ನ ಫೋನು ತೆಗೆದು ಪುಟ್ಟಿಯ ಮೆಸೇಜುಗಳನ್ನು ಒತ್ತಿ ಕೇಳಿದಳು.

"ಶನಿವಾರ ಆಗಾಕಿಲ್ಲ ಕಣ್ರೇ, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನಿನ ಬೆಂಕಿ ಕಾಯ್ಬೇಕು. ಭಾನುವಾರ ಒಂದಿನ ಅತ್ತೆ ಒಪ್ಪವ್ರೆ." "ಕಾಕನಕೋಟೆ ಒಂದ್ ನೋಡ್ಕಂಡು ಸಂಜೆಗೆ ಬಂದ್ಬುಡಾಣ. ಇಷ್ಟ್ ವರ್ಸ ಕಾಡಿನ್ ಮಗ್ಗುಲಲ್ಲಿದ್ರೂ ನೋಡಿಲ್ಲ." ಏಳನೆಯದು ತೀರಾ ಚಿಕ್ಕದು: "ಶಹನಾಜ್ ಬರೀತಾಳಲ್ಲ, ನನ್ದೂ ಸೇರಿಸ್ತಾಳೆ ಬುಡಿ."

ಅಲ್ಲಿಗೆ ಸಿಟ್ಟು ಇಳಿಯಿತು. ಹಳೆಯದನ್ನು ಅಳಿಸಿ ಹೊಸದು ಹಾಕಿದಳು: ಭಾನುವಾರ, ಕಾಕನಕೋಟೆ, ಸಂಜೆಗೆ ವಾಪಸ್. ರಾತ್ರಿ ಉಳಿಯುವ ಆಸೆಯಲ್ಲಿದ್ದ ಚೆಲುವಮ್ಮ ಗ್ರೂಪನ್ನೇ ಬಿಟ್ಟಳು. ಹೋಗಲಿ ಎಂದುಕೊಂಡ ಶಹನಾಜ್ ಈ ಸಲ ಬರೆಯಲಿಲ್ಲ, ಬಾಯಲ್ಲೇ ಹೇಳಿ ಗ್ರೂಪಿಗೆ ಕಳಿಸಿದಳು: "ತಪ್ಪಾಯ್ತು ಪುಟ್ಟಿ. ನಾವಿಬ್ರೇ ಓಗಣ."

ಶನಿವಾರ ಸಂಜೆ ಅಂಗಡಿ ಮುಚ್ಚುವ ಮುನ್ನ ಆ ಮೆಸೇಜನ್ನು ಒತ್ತಿ ಹಿಡಿದು ನೋಡಿದಳು. ಪುಟ್ಟಿಯ ಫೋನಿಗೆ ತಲುಪಿತ್ತು. ಕೇಳಿದವರ ಪಟ್ಟಿಯಲ್ಲಿ ಯಾರ ಹೆಸರೂ ಇರಲಿಲ್ಲ.