ಬಿಸ್ತಾಮರ ಬಗ್ಗೆ ಮಗಳು ಹೇಳಿದ ಮಾತು

ನಮ್ಮ ಮನೆಯಲ್ಲಿ ಒಂದು ಸುದ್ದಿ ಹೇಳಿ ದಕ್ಕಿಸಿಕೊಳ್ಳುವುದು ಸುಲಭವಿರಲಿಲ್ಲ. ಕಾಲುವೆಯಲ್ಲಿ ನೀರು ಬಿಟ್ಟರಂತೆ ಎಂದರೂ ಅಪ್ಪ ಕೇಳುತ್ತಿದ್ದುದು ಒಂದೇ: "ಯಾರು ಹೇಳಿದ್ದು?" ಪಕ್ಕದ ಮನೆಯವಳು ಎಂದರೆ, "ಅವಳು ನೋಡಿದ್ಲಾ, ಕೇಳಿದ್ಲಾ?" ಕೇಳಿದಳು ಎಂದರೆ, "ಯಾರಿಂದ?" ಅಮ್ಮ ಬದುಕಿದ್ದಾಗ ಸಿಟ್ಟಿನಿಂದ ಕೊಡ ಎತ್ತಿಕೊಂಡು ಕಾಲುವೆಗೇ ಹೊರಟುಬಿಡುತ್ತಿದ್ದಳು. "ನಾನೇ ಕಣ್ಣಾರೆ ನೋಡ್ಕೊಂಡು ಬರ್ತೀನಿ ತಡೀರಿ, ಆಮೇಲೆ ನಂಬೋರಂತೆ!"

ಅಪ್ಪ ಎಂದರೆ ಮರ್ವ್ ಊರಿನ ಬಿಸ್ತಾಮ್. ಪ್ರವಾದಿಯವರ ಹದೀಸುಗಳನ್ನು, ಅಂದರೆ ಅವರು ಆಡಿದ ಮಾತು, ನಡೆದ ನಡೆಯ ವರದಿಗಳನ್ನು, ಅರಸಿಕೊಂಡು ಯೌವನವನ್ನೆಲ್ಲ ದಾರಿಯಲ್ಲಿ ಸವೆಸಿದವರು. ಕೂಫಾದಲ್ಲಿ ಜರ್ವಲರ ಹತ್ತಿರ, ಬಸ್ರಾದಲ್ಲಿ ಸವಾದರ ಹತ್ತಿರ ಕೂತು ಕೇಳಿ, ಬಾಯಿಪಾಠ ಮಾಡಿ, ಮರಳಿ ಬಂದು ನಮ್ಮ ಪಡಸಾಲೆಯಲ್ಲಿ ಹೇಳುತ್ತಿದ್ದರು. ಮೊದಲು ಸರಪಳಿ: ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು, ಹೀಗೆ ಪ್ರವಾದಿಯವರ ಸಂಗಾತಿಯವರೆಗೆ. ಆಮೇಲೆ ಮಾತು. ನಾನು, ರೈಹಾನ, ಪರದೆಯ ಹಿಂದೆ ಕೂತು ಕೇಳಿಯೇ ಬೆಳೆದೆ. ಹಿಟ್ಟು ನಾದುತ್ತ ಕಲಿತಿದ್ದು ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ, ಕಲಿತಿದ್ದಂತೂ ಸುಳ್ಳಲ್ಲ.

ಅಪ್ಪ ಮಾತಿಗಿಂತ ಮೊದಲು ಮನುಷ್ಯರನ್ನು ತೂಗುತ್ತಿದ್ದರು. ಸರಪಳಿಯಲ್ಲಿ ಒಬ್ಬನೂ ತಪ್ಪಿರಬಾರದು, ಪ್ರತಿಯೊಬ್ಬನೂ ತನ್ನ ಹಿಂದಿನವನಿಂದ ನಿಜವಾಗಿ ಕೇಳಿರಬೇಕು. ಪ್ರತಿಯೊಬ್ಬನೂ ನಡತೆಯಲ್ಲಿ ನೆಟ್ಟಗಿರಬೇಕು, ನೆನಪಿನಲ್ಲಿ ಗಟ್ಟಿ ಇರಬೇಕು. ತನಗಿಂತ ಗಟ್ಟಿಗರು ಒಂದು ಹೇಳುವಾಗ ಇವನೊಬ್ಬನೇ ಬೇರೆ ಹೇಳಿರಬಾರದು. ಮೇಲೆ ಚೆನ್ನಾಗಿ ಕಂಡು ಒಳಗೆ ಹುಳುಕೂ ಇರಬಾರದು. ಇಷ್ಟೂ ಕೂಡಿದರೆ ಅದು ಸಹೀಹ್, ಗಟ್ಟಿ. ನೆನಪು ಒಂದು ಚೂರು ಹಗುರವಾದವನದು ಅದಕ್ಕಿಂತ ಕೆಳಗೆ, ಆದರೂ ಒಳ್ಳೆಯದು. ಇವುಗಳಲ್ಲಿ ಏನಾದರೂ ತಪ್ಪಿದರೆ ದುರ್ಬಲ. ಮರೆವಿನಿಂದ ದುರ್ಬಲವಾದದ್ದು ಬೇರೊಂದು ದಾರಿಯಿಂದ ಸ್ವತಂತ್ರವಾಗಿ ಬಂದರೆ ಎದ್ದು ನಿಂತೀತು. ಸುಳ್ಳನ ಮಾತು ಮಾತ್ರ ನೂರು ಸುಳ್ಳರು ಸೇರಿ ಹೊತ್ತರೂ ಏಳುವುದಿಲ್ಲ.

ಒಮ್ಮೆ ಹೆರಾತಿನಿಂದ ಬಂದವನೊಬ್ಬ ಸವಾದರ ಹೆಸರಿನಲ್ಲಿ ಸೊಗಸಾಗಿ ಹೇಳತೊಡಗಿದ. ಅಪ್ಪ ಬಲು ಮೆತ್ತಗೆ ಕೇಳಿದರು, "ಅವರ ಹತ್ರ ಯಾವ ವರ್ಷ ಕೇಳಿದ್ಯಪ್ಪ?" ಅವನು ವರ್ಷ ಹೇಳಿದ. "ಹಾಗಾದ್ರೆ ಅವರು ಸತ್ತ ಮೇಲೆ ಕೇಳಿದ್ದೀಯ. ಗೋರಿ ಒಳಗಿಂದ ದನಿ ಸ್ಪಷ್ಟವಾಗಿ ಬಂತಾ?" ಪಡಸಾಲೆಯೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ತನ್ನ ಮೇಲೆ ಬೇಕೆಂದೇ ಸುಳ್ಳು ಕಟ್ಟಿದವನಿಗೆ ನರಕವೇ ನೆಲೆ ಎಂದು ಪ್ರವಾದಿಯವರು ಹೇಳಿದ್ದನ್ನು ಅವನಿಗೆ ನೆನಪಿಸಿ ಎಬ್ಬಿಸಿ ಕಳಿಸಿದರು.

ಅಂಥ ಅಪ್ಪ ಒಂದು ವರ್ಷ ಕಲ್ಲಂಗಡಿ ಸುಗ್ಗಿಯಲ್ಲಿ ಜ್ವರ ಬಂದು ಮಲಗಿ ಎದ್ದರು. ಮೈ ಎದ್ದಿತು, ನೆನಪು ಪೂರ್ತಿ ಏಳಲಿಲ್ಲ. ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ಬಗೆಗಿನ ಒಂದು ಹದೀಸು ಜರ್ವಲರ ಕೂಫಾ ಸರಪಳಿಯದು. ಅಪ್ಪ ಅದನ್ನು ಸವಾದರ ಬಸ್ರಾ ಸರಪಳಿಗೆ ಕಟ್ಟಿ ಹೇಳಿದರು. ನನ್ನ ಕೈ ಹಿಟ್ಟಿನಲ್ಲೇ ನಿಂತುಹೋಯಿತು.

ಸಂಜೆ ಅಣ್ಣ ಉತ್ಬನಿಗೆ ಹೇಳಿದೆ.

"ಬಾಯಿ ತಪ್ತು ಬಿಡೇ. ತಪ್ಪದೇ ಇರೋ ಬಾಯಿ ಯಾವುದು?"

"ತಪ್ಪಿದ್ದಕ್ಕಲ್ಲ ಅಣ್ಣ. ಸರಖ್ಸ್‌ನಿಂದ ಕಲಿಯೋಕೆ ಬಂದಿರೋ ಹುಡುಗ 'ಇದು ಜರ್ವಲರದ್ದಲ್ವಾ ಗುರುಗಳೇ' ಅಂದಾಗ 'ಹೌದು' ಅಂದ್ರು. ಇನ್ನೊಬ್ಬ 'ಅಲ್ಲ, ಸವಾದರದ್ದೇ' ಅಂದಾಗ ಅದಕ್ಕೂ 'ಹೌದು' ಅಂದ್ರು."

ಅಣ್ಣ ಮುಖ ತಿರುಗಿಸಿಕೊಂಡ. ಅವನಿಗೂ ಗೊತ್ತಿತ್ತು. ಆದರೆ ಬಿಸ್ತಾಮರ ಮಗ ಎಂಬುದೇ ಅವನ ಕಿರೀಟ. ಮಸೀದಿಯಲ್ಲಿ ಜನ ಜಾಗ ಬಿಡುತ್ತಿದ್ದುದು, ಬೀದಿಯಲ್ಲಿ ಸಲಾಂ ಹೇಳುತ್ತಿದ್ದುದು ಅದಕ್ಕೇ. ಅಪ್ಪನನ್ನು ಪಡಸಾಲೆಯಿಂದ ಎಬ್ಬಿಸಲು ಅವನಿಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬರಲಿಲ್ಲ. ಶಿಷ್ಯರು ಬಂದು ಕೂತಾಗ ಮಾತ್ರ ಅಪ್ಪನ ಕಣ್ಣಲ್ಲಿ ಬೆಳಕಿರುತ್ತಿತ್ತು, ಅದನ್ನು ಆರಿಸುವುದು ಹೇಗೆ?

ಚಳಿ ಶುರುವಾಗುವ ಹೊತ್ತಿಗೆ ಇರಾಕಿನ ವಾಸಿತ್ ಪಟ್ಟಣದಿಂದ ಮುಹಲ್ಲಬ್ ಬಂದರು. ಹದೀಸು ಹೇಳುವವರನ್ನು ಪರೀಕ್ಷಿಸುವುದರಲ್ಲಿ ಖ್ಯಾತರು. ಅವರು ಒಬ್ಬರ ಬಗ್ಗೆ ಆಡಿದ ಮಾತು ಹಡಗು ಹತ್ತಿ, ಒಂಟೆ ಹತ್ತಿ ಊರೂರು ತಿರುಗುತ್ತಿತ್ತು. ದಾರಿಯ ಧೂಳು ತೊಳೆದುಕೊಂಡು, ರೊಟ್ಟಿ ತಿಂದು, ಅಪ್ಪನ ಮುಂದೆ ಶಿಷ್ಯನ ಹಾಗೆ ಮಂಡಿಯೂರಿ ಕೂತರು.

ಪರೀಕ್ಷೆಯ ಪದ್ಧತಿ ನನಗೆ ಗೊತ್ತಿತ್ತು. ಒಂದರ ಸರಪಳಿಯನ್ನು ಇನ್ನೊಂದರ ಮಾತಿಗೆ ಸಿಕ್ಕಿಸಿ ಮುಂದಿಡುತ್ತಾರೆ. ಗಟ್ಟಿಗ ಬಿಡಿಸಿ ಸರಿಯಾಗಿ ಕಟ್ಟಿಕೊಡುತ್ತಾನೆ. ಮುಹಲ್ಲಬ್ ಒಂದನ್ನು ಸಿಕ್ಕಿಸಿದರು. ಅಪ್ಪ "ಹೌದು" ಎಂದರು. ಇನ್ನೊಂದು. "ಹೌದು, ಹೌದು." ಮುಹಲ್ಲಬ್ ಈಗ ಅಪ್ಪನೇ ಒಂದು ಕಾಲಕ್ಕೆ ಸಂತೆಯಿಂದ ಓಡಿಸಿದ್ದ ಮಾತನ್ನು ಎತ್ತಿದರು. ಮರ್ವಿನ ಕಲ್ಲಂಗಡಿ ತಿಂದವನಿಗೆ ಪುಣ್ಯ ಬರುತ್ತದೆಂದು ಹಣ್ಣಿನವರು ಪ್ರವಾದಿಯವರ ಹೆಸರಿನಲ್ಲಿ ಕೂಗುತ್ತಿದ್ದ ಕಟ್ಟುಕತೆ ಅದು. ತಮ್ಮ ಊರನ್ನು ಹೊಗಳಿಕೊಳ್ಳಲು ಹೀಗೆ ಕಟ್ಟುವವರು ಎಲ್ಲ ಊರಲ್ಲೂ ಇದ್ದಾರೆ.

"ಇದನ್ನ ನಿಮಗೆ ಸವಾದರು ಹೇಳಿದ್ರಲ್ವಾ ಗುರುಗಳೇ?"

ಬೇಡ ಅಪ್ಪ, ಎಂದು ಪರದೆಯ ಹಿಂದೆ ನನ್ನ ತುಟಿ ಅಲುಗಿತು.

"ಹೌದು," ಎಂದರು ಅಪ್ಪ ನಗುತ್ತ. "ನಂಗೆ ಸವಾದರೇ ಹೇಳಿದ್ರು."

ಮುಹಲ್ಲಬ್ ಲೇಖನಿ ಕೆಳಗಿಟ್ಟರು. ಶಿಷ್ಯರು ತಲೆ ತಗ್ಗಿಸಿದರು. ಅಪ್ಪನೊಬ್ಬರೇ ಎಲ್ಲರ ಮುಖ ನೋಡುತ್ತ ಸಂತೋಷವಾಗಿ ಕೂತಿದ್ದರು.

ಮುಹಲ್ಲಬ್ ಅಣ್ಣನನ್ನು ಅಂಗಳಕ್ಕೆ ಕರೆದರು. ಪರದೆಯ ಈಚೆಗೆ ಅವರ ಮಾತು ಕೇಳುತ್ತಿತ್ತು.

"ಯಾವಾಗಿಂದ ಹೀಗೆ?"

"ಏನಿಲ್ಲ ಸ್ವಾಮಿ, ಇವತ್ತು ಸುಸ್ತು. ನಾಳೆ ಸರಿಹೋಗ್ತಾರೆ."

"ನೋಡಪ್ಪ, ನಾನು ನಿಮ್ಮಪ್ಪನ ಮರ್ಯಾದೆ ಕಳೆಯೋಕೆ ಬಂದವನಲ್ಲ. ಮುಪ್ಪಲ್ಲಿ ನೆನಪು ಕಲಸಿಹೋಗೋದು ಪಾಪ ಅಲ್ಲ, ಕಾಯಿಲೆ. ಕಲಸೋಕೆ ಮುಂಚೆ ಕೇಳಿದವರದ್ದು ಗಟ್ಟಿ, ಆಮೇಲೆ ಕೇಳಿದವರದ್ದು ಬಿಡಬೇಕು. ಆದ್ರೆ ಯಾವಾಗ ಅಂತ ಗೊತ್ತಾಗ್ಲಿಲ್ಲ ಅಂದ್ರೆ, ಯಾರು ಮುಂಚೆ ಯಾರು ಆಮೇಲೆ ಅಂತ ಬೇರೆ ಮಾಡೋದು ಹೇಗೆ? ಬೇರೆ ಆಗದೇ ಇದ್ದದ್ದನ್ನ ಯಾರೂ ತಗೊಳಲ್ಲ. ಅವರ ಜೀವಮಾನದ ದುಡಿಮೆ ಹೋಯ್ತು ಅಂತ ತಿಳ್ಕೋ."

"ಹಂಗೇನೂ ಇಲ್ಲ ಅಂದ್ನಲ್ಲ. ಅಪ್ಪ ಗಟ್ಟಿಯಾಗೇ ಇದ್ದಾರೆ."

ಅಣ್ಣ ಕಿರೀಟ ಉಳಿಸಿಕೊಳ್ಳಲು ತಲೆಯನ್ನೇ ಕೊಡುತ್ತಿದ್ದ. ಅಪ್ಪ ಯೌವನದಲ್ಲಿ ನಡೆದ ದಾರಿ, ಕೂಫಾದಲ್ಲಿ ಹಸಿದು ಮಲಗಿದ್ದು, ಎಲ್ಲ ಈ ಒಂದು ಸುಳ್ಳಿನ ಕೆಳಗೆ ಹೂತುಹೋಗಲಿತ್ತು. ಮುಸುಕು ಎಳೆದುಕೊಂಡು ಅಂಗಳಕ್ಕೆ ಬಂದೆ.

"ಅಪ್ಪ ಕಲಸಿಹೋಗಿದ್ದಾರೆ. ಕಲ್ಲಂಗಡಿ ಸುಗ್ಗಿ ಜ್ವರದಿಂದ ಎದ್ದ ಮೇಲೆ."

"ಒಳಗೆ ಹೋಗೇ!" ಅಣ್ಣ ಕೂಗಿದ. "ಹೆತ್ತಪ್ಪನ ಮೇಲೆ ಚಾಡಿ ಹೇಳ್ತೀಯಾ? ಬೆನ್ನ ಹಿಂದೆ ಆಡಿಕೊಳ್ಳೋದು ಪಾಪ ಅಂತ ಗೊತ್ತಿಲ್ವಾ ನಿಂಗೆ?"

"ಆಡಿಕೊಳ್ಳೋದು ಬೇರೆ, ಸಾಕ್ಷಿ ಹೇಳೋದು ಬೇರೆ. ಇದನ್ನ ನಂಗೂ ನಿಂಗೂ ಕಲಿಸಿದ್ದು ಅಪ್ಪನೇ."

"ಹೆಂಗಸಿನ ಮಾತಿಗೆ ಬೆಲೆ ಕೊಡ್ತೀರಾ ಸ್ವಾಮಿ?"

ಮುಹಲ್ಲಬ್ ಅವನ ಕಡೆ ನೋಡಲೂ ಇಲ್ಲ. "ಪ್ರವಾದಿಯವರ ಮನೆ ಒಳಗಿನದ್ದೆಲ್ಲ ನಮಗೆ ಗೊತ್ತಾಗಿದ್ದೇ ಅವರ ಹೆಂಡತಿಯರಿಂದ. ಹದೀಸು ಹೇಳೋರಲ್ಲಿ ನಾವು ಸತ್ಯ ನೋಡ್ತೀವಿ, ನೆನಪು ನೋಡ್ತೀವಿ. ಮೀಸೆ ನೋಡಲ್ಲ." ಆಮೇಲೆ ನನ್ನತ್ತ ತಿರುಗಿ ಗಟ್ಟಿಯಾಗೇ ಕೇಳಿದರು. "ನಿಂಗೆ ಹೇಗೆ ಗೊತ್ತಮ್ಮ? ಜ್ವರಕ್ಕೆ ಮುಂಚೆ ಸರಿ ಇದ್ದರು ಅನ್ನೋದಕ್ಕೆ ಏನು ಆಧಾರ?"

"ಜ್ವರ ಬರೋಕೆ ಮುಂಚೆ, ರಂಜಾನಿಗೂ ಮೊದಲು, ಸರಖ್ಸ್‌ನ ಹುಡುಗ ಕೇಳಿದ್ದನ್ನೆಲ್ಲ ಅಪ್ಪನ ಮುಂದೆ ಮತ್ತೆ ಓದಿ ಒಪ್ಪಿಸಿದ್ದ. ಅವನು ಎಡವಿದ ಕಡೆಯೆಲ್ಲ ಅಪ್ಪ ತಿದ್ದಿದ್ರು. ನಾನು ಕೇಳಿದ್ದೂ ಅದಕ್ಕೆ ಸರಿಹೊಂದುತ್ತೆ. ಜ್ವರದ ಮೇಲೆ ವುಜೂ ಹದೀಸಿನ ಸರಪಳಿ ತಪ್ತು, ಅವನೂ ಅಲ್ಲೇ ಇದ್ದ. ಕೇಳಿ ನೋಡಿ."

ಅವರು ಕೇಳಿ ನೋಡಿದರು. ಅವನನ್ನು ಬೇರೆಯಾಗಿ ಕೂರಿಸಿಕೊಂಡು, ನಾನು ಏನು ಹೇಳಿದೆನೆಂದು ಅವನಿಗೆ ತಿಳಿಸದೆ. ನಮ್ಮಿಬ್ಬರ ಮಾತೂ ಒಂದೇ ಆಗಿ ಬಂತು. ನನ್ನನ್ನೂ ಬಿಡಲಿಲ್ಲ, ಜರ್ವಲರ ಸರಪಳಿಗಳನ್ನು ಹಿಂದುಮುಂದು ಮಾಡಿ ಎದುರಿಟ್ಟರು. ನಾನು ಬಿಡಿಸಿ ಕೊಟ್ಟೆ. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು, ನಾಲಗೆ ಮಾತ್ರ ತಪ್ಪಲಿಲ್ಲ.

ಮರುದಿನದಿಂದ ಪಡಸಾಲೆಯ ಬಾಗಿಲು ಮುಚ್ಚಿದೆವು. ಮುಪ್ಪಿನಲ್ಲಿ ಕಲಸಿದವರನ್ನು ಮನೆಯವರೇ ಹೀಗೆ ಕಾಯುವುದುಂಟು, ಅವರಿಂದ ಇನ್ನು ಯಾರೂ ಏನೂ ಕೇಳಿಕೊಂಡು ಹೋಗದ ಹಾಗೆ. ಅಣ್ಣ ನನ್ನೊಡನೆ ಮಾತು ಬಿಟ್ಟ. ಬೀದಿಯ ಹೆಂಗಸರು "ಅಪ್ಪನನ್ನೇ ತೂಗಿದವಳು" ಎಂದು ನನಗೆ ಹೆಸರಿಟ್ಟರು. ಇಡಲಿ. ಆದರೆ ಬೆಳಗ್ಗೆ ಪೇಟ ಸುತ್ತಿಕೊಂಡು ಕೂತು, "ಇನ್ನೂ ಯಾರೂ ಬರ್ಲಿಲ್ವಲ್ಲೇ?" ಎಂದು ಅಪ್ಪ ಬಾಗಿಲು ನೋಡುತ್ತಿದ್ದರಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಹಿಮ ಕರಗುವ ಕಾಲಕ್ಕೆ ನಿಶಾಪುರದಿಂದ ಬಂದ ಒಬ್ಬ ವರ್ತಕ ಮುಹಲ್ಲಬರ ತೀರ್ಪು ತಂದ. ಊರೂರಲ್ಲಿ ಅದೇ ಮಾತು ಹಬ್ಬಿದೆ ಎಂದ. ಆ ಬೆಳಗ್ಗೆ ಬಿಸಿಲಲ್ಲಿ ಕೂತ ಅಪ್ಪನಿಗೆ ಸಾರಿನಲ್ಲಿ ಅದ್ದಿದ ರೊಟ್ಟಿ ತಿನ್ನಿಸುತ್ತಿದ್ದೆ.

"ಸಂತೆಯಲ್ಲಿ ಏನು ಸುದ್ದಿ?" ಎಂದರು.

"ಮರ್ವ್‌ನ ಬಿಸ್ತಾಮ್ ಅನ್ನೋರ ಬಗ್ಗೆ ಒಂದು ಮಾತು ಬಂದಿದೆ ಅಪ್ಪ."

ತಮ್ಮ ಹೆಸರು ಅವರಿಗೆ ತಾಗಲಿಲ್ಲ. "ಹೇಳು."

"ನಂಬತಕ್ಕವರು, ನೆನಪು ಗಟ್ಟಿ. ಕೊನೆಗಾಲದಲ್ಲಿ ಕಲಸಿಹೋದರು. ಜ್ವರಕ್ಕೆ ಮುಂಚೆ ಕೇಳಿದವರದ್ದೆಲ್ಲ ಸಹೀಹ್."

ಅಪ್ಪ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು. ಬೆನ್ನು ನೆಟ್ಟಗಾಯಿತು. "ಯಾರು ಹೇಳಿದ್ದು?"

"ವಾಸಿತ್‌ನ ಮುಹಲ್ಲಬ್."

"ಅವನು ಕಣ್ಣಾರೆ ನೋಡಿದ್ನಾ?"

"ಕಲಸಿದ್ದನ್ನ ನೋಡಿದ್ರು. ಯಾವಾಗಿಂದ ಅನ್ನೋದನ್ನ ಮಗಳಿಂದ ಕೇಳಿದ್ರು."

"ಯಾರ ಮಗಳು?"

"ಬಿಸ್ತಾಮರ ಮಗಳು."

ಅವರು ಬಹಳ ಹೊತ್ತು ಯೋಚಿಸಿದರು. ಪಡಸಾಲೆಯಲ್ಲಿ ಒಬ್ಬ ಮನುಷ್ಯನನ್ನು ತೂಗುವಾಗ ಯೋಚಿಸುತ್ತಿದ್ದ ಹಾಗೇ, ಗಡ್ಡ ಹಿಡಿದುಕೊಂಡು.

"ಅಪ್ಪನ ಮೇಲಿನ ಪ್ರೀತಿಗೆ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಹಾಗಾದ್ರೆ ಅವಳು ನಂಬತಕ್ಕವಳು. ಆ ಮಾತು ತಗೊಳ್ಳಬಹುದು." ನನ್ನ ಕೈಯಿಂದ ಇನ್ನೊಂದು ತುತ್ತು ತೆಗೆದುಕೊಂಡು ಬಾಗಿಲ ಕಡೆ ನೋಡಿದರು. "ಪಾಪ, ಆ ಹುಡುಗಿ. ತುಂಬ ಅತ್ತಿರಬೇಕು."

"ಹೌದಪ್ಪ," ಎಂದೆ.

ಅವಳು ಅತ್ತಿದ್ದನ್ನು ಯಾರು ಹೇಳಿದ್ದು ಎಂದು ಮಾತ್ರ ಅವರು ಕೇಳಲಿಲ್ಲ.