ಯಾವುದರ ಬೇಜಾರು ಬೇಕು?

1

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ಮೊದಲ ಡ್ರಾಫ್ಟಿನಲ್ಲಿ ಅಕ್ಕನನ್ನು ನಾಲ್ಕು ರಸ್ತೆ ಸೇರುವ ಕಡೆ ನಿಲ್ಲಿಸಿದ್ದೆ. ಗಾಳಿ ಬೇರೆ ಬೀಸುತ್ತಿತ್ತು. ಅಕ್ಕ ಓದಿ ಮೂಗು ಮುರಿದಳು.

"ನಾಲ್ಕೇ ದಾರಿ ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸ್ವಾಮಿ? ಗಾಳಿ ತೆಗೀರಿ ಮೊದಲು."

ತೆಗೆದೆ. ಎರಡನೇ ಡ್ರಾಫ್ಟು ತಂಗಿಯಿಂದ ಶುರುವಾಗುತ್ತದೆ. ತಂಗಿ ಹಲ್ಲು ಮಾಡುತ್ತಾಳೆ. ದಂತವೈದ್ಯೆಯಲ್ಲ, ವೈದ್ಯರು ಕಳಿಸುವ ಅಚ್ಚು ನೋಡಿ ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಓದು ಮುಗಿದ ವರ್ಷ ಕಿಟಕಿ ಪಕ್ಕದ ಬೆಂಚಿಗೆ ಕೂತವಳು ಇವತ್ತಿಗೂ ಅಲ್ಲೇ ಇದ್ದಾಳೆ. ಏನ್ ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ "ಹಲ್ಲು" ಎನ್ನುತ್ತಾಳೆ, ಮಾತು ಮುಗಿಯಿತು. ಅದೇ ಪ್ರಶ್ನೆಗೆ ಅಕ್ಕ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರ ಕಾಫಿ ಆರಿಹೋಗಿರುತ್ತದೆ.

ಅಕ್ಕನಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಇದನ್ನು ಕೊನೆಯವರೆಗೆ ಮುಚ್ಚಿಟ್ಟು ಕುತೂಹಲ ಹುಟ್ಟಿಸಬಹುದಿತ್ತು. ಆದರೆ ಅವಳ ಮುಖ ನೋಡಿದವರಿಗೆ ಅದು ಹೇಗೂ ಗೊತ್ತಾಗುತ್ತದೆ.

2

ಅಕ್ಕ ಭೂಪಟ ಬಿಡಿಸುವುದನ್ನು ಕಲಿತಳು, ಬಿಟ್ಟಳು. ಧ್ವನಿಮುದ್ರಣ ಕಲಿತಳು, ಬಿಟ್ಟಳು. ಹೊಲಿಗೆ, ಅನುವಾದ, ಸಸ್ಯಶಾಸ್ತ್ರದ ಅರ್ಧ ಪದವಿ. ಸೋಮಾರಿ ಅನ್ನಬೇಡಿ, ಕಲಿಯುವಾಗ ಊಟ ನಿದ್ದೆ ಬಿಡುತ್ತಾಳೆ. ಯಾವ ವಿದ್ಯೆಯಾದರೂ ಮೊದಲು ಬೇಗ ಬೇಗ ಕೈಗೆ ಹತ್ತುತ್ತದೆ. ನಿನ್ನೆ ಬಾರದ್ದು ಇವತ್ತು ಬರುತ್ತದೆ. ಆಮೇಲೆ ಒಂದು ಬಯಲು. ತಿಂಗಳುಗಟ್ಟಲೆ ದುಡಿದರೂ ಕೂದಲೆಳೆಯಷ್ಟೇ ಮುಂದೆ. ಸರಿಯಾಗಿ ಆ ಹೊತ್ತಿಗೆ ಇನ್ನೊಂದು ವಿಷಯ ಅಕ್ಕನಿಗೆ ಕಣ್ಣು ಹೊಡೆಯುತ್ತದೆ. ಹಳೆಯದರ ಮೇಲಿನ ಆಸೆ ತೀರಿತು ಎಂದುಕೊಂಡು ಅವಳು ಎದ್ದು ಹೋಗುತ್ತಾಳೆ.

(ಓದುಗರೇ, ನನ್ನ ಮೇಜಿನ ಕೆಳಗೆ ಎರಡು ಅರ್ಧ ಕಾದಂಬರಿ, ಒಂದು ಮುಕ್ಕಾಲು ನಾಟಕ ಇವೆ. ಆ ಕಡೆ ನೋಡಬೇಡಿ.)

ಈಗ ಅಕ್ಕನ ಕೈಯಲ್ಲಿ ಎರಡು ಸೀಟುಗಳಿವೆ. ಒಂದು, ಕಿವಿ ಮಂದವಾದವರಿಗೆ ಶ್ರವಣ ಸಾಧನ ಹೊಂದಿಸುವ ತರಬೇತಿ. ಇನ್ನೊಂದು, ಸಸ್ಯೋದ್ಯಾನದಲ್ಲಿ ಗಿಡಗಳ ಶಾಸ್ತ್ರೀಯ ಚಿತ್ರ ಬರೆಯುವ ತರಬೇತಿ. ಎರಡೂ ಎರಡು ವರ್ಷ, ಎರಡೂ ಪೂರ್ತಿ ದಿನ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಎರಡಕ್ಕೂ ಮೀರುತ್ತದೆ. ಶುಕ್ರವಾರ ಸಂಜೆಯೊಳಗೆ ಉತ್ತರ ಹೇಳದಿದ್ದರೆ ಎರಡೂ ಹೋಗುತ್ತವೆ.

2 (ಮತ್ತೆ)

ಇಲ್ಲಿ ವೃತ್ತಿ ಸಲಹೆಗಾರ್ತಿಯೊಬ್ಬರು ಬರಬೇಕು. ಬಂದರು.

"ಯಾವುದು ಇಷ್ಟ ಅಂತ ನಿಮ್ಮನ್ನ ಕೇಳಲ್ಲ," ಎಂದರು ಅವರು. "ನಿಮಗೆ ಎಲ್ಲಾನೂ ಇಷ್ಟ. ಯಾವುದರ ಬೇಜಾರು ತಡ್ಕೋತೀರಿ, ಅದನ್ನ ನೋಡಿ. ಎರಡೂ ಕಡೆ ಹೋಗಿ, ಚೆಂದದ ದಿನ ಅಲ್ಲ, ಬೇಜಾರಿನ ದಿನ ಕೂತು ಬನ್ನಿ. ಜೀವಮಾನಕ್ಕೆ ಆರಿಸ್ತಾ ಇಲ್ಲ, ಎರಡು ವರ್ಷಕ್ಕೆ ಅಷ್ಟೇ."

"ಆರಿಸದೇ ಇದ್ರೆ?"

"ಅದೂ ಆರಿಸಿದ ಹಾಗೇ. ನಿಮ್ಮ ಬದಲು ಕ್ಯಾಲೆಂಡರ್ ಆರಿಸುತ್ತೆ."

ಅಕ್ಕ ಹೋದಳು. ಉದ್ಯಾನದಲ್ಲಿ ಚಿತ್ರದ ಒಂದು ಎಲೆಗೆ ನೆರಳು ಮೂಡಿಸಲು ಬೆಳಗಿನಿಂದ ಪೆನ್ನಿನ ತುದಿಯಲ್ಲಿ ಚುಕ್ಕೆ ಇಟ್ಟಳು. ಕಣ್ಣು ಉರಿಯಿತು, ಎಲೆ ಮುಗಿಯಲಿಲ್ಲ. ಕಿವಿಯ ಕೇಂದ್ರದಲ್ಲಿ ದಿನವಿಡೀ ಅದೇ ಸಣ್ಣ ಸದ್ದು, ಅದೇ ಪ್ರಶ್ನೆ: ಕೇಳಿಸಿತಾ, ಈಗ? ಸಂಜೆ ಒಬ್ಬ ಅಜ್ಜ ಹೊಸ ಸಾಧನ ಹಾಕಿಕೊಂಡು, ನನ್ನ ದನಿ ನನಗೇ ಡ್ರಮ್ಮಿನೊಳಗಿಂದ ಬಂದ ಹಾಗಿದೆ ಎಂದು ಜಗಳ ತೆಗೆದರು. ತಂತ್ರಜ್ಞೆ ಸ್ವಲ್ಪ ಬದಲಾಯಿಸಿ ಮತ್ತೆ ಕೇಳಿದಳು. ಮತ್ತೆ ಬದಲಾಯಿಸಿದಳು. ಅಲ್ಲಿ ಮಾತ್ರ ಅಕ್ಕ ಗಡಿಯಾರ ನೋಡಲಿಲ್ಲ.

ಇಷ್ಟಕ್ಕೆ ಕತೆ ಮುಗಿಯಬೇಕಿತ್ತು. ಉತ್ತರ ನಿಮಗೂ ಕಾಣಿಸಿತು, ನನಗೂ ಕಾಣಿಸಿತು. ಅಕ್ಕ ಮಾಡಿದ್ದೇನು? ಗುರುವಾರ ಬೆಳಿಗ್ಗೆ ತಂಗಿಯ ಲ್ಯಾಬಿಗೆ ಹೋಗಿ ಕೂತಳು.

"ಅಲ್ಲಿಗೆ ಯಾಕೆ?" ಎಂದೆ.

"ಅವಳಿಗೆ ಅದು ಹೇಗೆ ಸಾಧ್ಯ ಅಂತ ನೋಡ್ಬೇಕು," ಎಂದಳು.

4

(ಮೂರು ಎಲ್ಲಿ ಎನ್ನಬೇಡಿ. ಮೂರರಲ್ಲಿ ಅವರ ಬಾಲ್ಯವಿತ್ತು. ಅಳು ಜಾಸ್ತಿಯಾಯಿತು, ಹರಿದು ಹಾಕಿದೆ.)

ಲ್ಯಾಬಿನ ಯಜಮಾನರು ಅಕ್ಕನ ಕೈಗೆ ಮೇಣ ಕೊಟ್ಟರು. ದೀಪದಲ್ಲಿ ಉಪಕರಣ ಬಿಸಿ ಮಾಡಿ, ಮೇಣ ಹನಿಸಿ, ಆರಿದ ಮೇಲೆ ಕೆತ್ತುವ ಕೆಲಸ. ಮಧ್ಯಾಹ್ನದೊಳಗೆ ಅಕ್ಕ ಒಂದು ಬಾಚಿಹಲ್ಲು ಕೆತ್ತಿದಳು. ಚೆನ್ನಾಗಿತ್ತು, ಹಾಳಾದ್ದು.

"ಕೈ ಇದೆ ನಿಮಗೆ," ಎಂದರು ಯಜಮಾನರು. "ಒಂದು ಬೆಂಚ್ ಖಾಲಿ ಇದೆ. ಬರ್ತೀರಾ?"

"ಬರ್ತೀನಿ," ಎಂದಳು ಅಕ್ಕ.

ನಾನು ಹಣೆ ಚಚ್ಚಿಕೊಂಡೆ. ತಿಂಗಳುಗಟ್ಟಲೆ ಎರಡರ ನಡುವೆ ಒದ್ದಾಡಿದವಳು ಮೂರನೆಯದಕ್ಕೆ ಉಸಿರು ಬಿಡುವಷ್ಟರಲ್ಲಿ ಒಪ್ಪಿಬಿಟ್ಟಳು. ಎಷ್ಟು ಸಲೀಸು! ಅವಳಿಗೂ ಅದೇ ಆಶ್ಚರ್ಯ. ಕೊನೆಗೂ ನನ್ನ ದಾರಿ ಸಿಕ್ಕಿತು ಎಂದು ಮುಖ ಅರಳಿತ್ತು.

ತಂಗಿ ಎದ್ದಳು. ಪ್ಲಾಸ್ಟರ್ ಅಚ್ಚೊಂದನ್ನು ತಂದು ಅಕ್ಕನ ಮುಂದಿಟ್ಟಳು. ಮುಂದಿನ ಎರಡು ಹಲ್ಲುಗಳಲ್ಲಿ ಒಂದಿತ್ತು, ಒಂದಿರಲಿಲ್ಲ.

"ಒಂಟಿ ಹಲ್ಲು ಯಾರು ಬೇಕಾದ್ರೂ ಕೆತ್ತಬಹುದು ಅಕ್ಕ. ಪಕ್ಕದ ಹಲ್ಲಿಗೆ ಜೋಡಿ ಮಾಡು."

ಅಕ್ಕ ಕೆತ್ತಿದಳು. ತಂಗಿ ಕಿಟಕಿಯ ಬೆಳಕಿಗೆ ತಿರುಗಿಸಿ, "ಅಂಚು ದಪ್ಪ," ಎಂದಳು. ಇನ್ನೊಂದು. "ಬೆಳಕು ಬೀಳೋ ಜಾಗ ಬೇರೆ. ಪಕ್ಕದ್ದಕ್ಕಿಂತ ಅಗಲ ಕಾಣುತ್ತೆ." ಇನ್ನೊಂದು. ಸಂಜೆಗೆ ಅಕ್ಕನ ಕಣ್ಣು ಬೀದಿಯ ಕಡೆ ಹೋಗತೊಡಗಿತು. ಎದುರಿನ ಅಂಗಡಿಯವನು ಬಾಗಿಲಿಗೆ ಅಕ್ಷರ ಬರೆಯುತ್ತಿದ್ದ. ಚೆಂದ ಬರೆಯುತ್ತಿದ್ದ.

"ಅಕ್ಷರ ಕಲಿಯೋಣ ಅನ್ನಿಸ್ತಾ ಇದೆಯಾ?" ಎಂದಳು ತಂಗಿ, ತಲೆ ಎತ್ತದೆ.

"ಇಲ್ಲಪ್ಪ." ಅಕ್ಕ ಮತ್ತೆ ಮೇಣದ ಕಡೆ ತಿರುಗಿ ಕೇಳಿದಳು, "ನಿನಗೆ ಬೇಜಾರಾಗೋದೇ ಇಲ್ವೇನೇ?"

"ದಿನಾ ಆಗುತ್ತೆ."

"ಮತ್ತೆ?"

"ಮತ್ತೆ ಏನು, ಮಾಡ್ತೀನಿ." ತಂಗಿ ಉಪಕರಣ ಕೆಳಗಿಟ್ಟಳು. "ನಿನಗೆ ಹಲ್ಲು ಬೇಡ ಅಕ್ಕ. ನಿನಗೆ ನನ್ನ ಹಾಗೆ ಇರೋದು ಬೇಕು. ಅದಕ್ಕೆ ಇಲ್ಲಿ ಬೆಂಚ್ ಇಲ್ಲ."

ಅಕ್ಕನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ಇಷ್ಟು ವರ್ಷ ಇವಳಿಗೆ ಬೇಜಾರೇ ಆಗದ ವರವಿದೆ ಎಂದುಕೊಂಡು ಉರಿದುಕೊಂಡಿದ್ದಳು. ವರವೂ ಇಲ್ಲ, ಮಣ್ಣೂ ಇಲ್ಲ. ಹಾಗೆಂದು ಉರಿ ಕಡಿಮೆಯಾಯಿತೇ ಎಂದರೆ, ಜಾಸ್ತಿಯೇ ಆಯಿತು. ವರವಾಗಿದ್ದರೆ ತನಗೆ ಸಿಕ್ಕಿಲ್ಲ ಎಂದಾದರೂ ಸಮಾಧಾನವಿರುತ್ತಿತ್ತು.

5

ಈಗ ಅಂತ್ಯಗಳು. ಆರಿಸಿಕೊಳ್ಳಿ.

(ಅ) ಅಕ್ಕ ಕಿವಿಯ ಕೇಂದ್ರ ಸೇರಿ, ಭಾನುವಾರಗಳಲ್ಲಿ ಗಿಡ ಬಿಡಿಸುತ್ತಾಳೆ. ತುಂಬ ಆರೋಗ್ಯಕರ ಅಂತ್ಯ, ಸಲಹೆಗಾರ್ತಿಗೆ ಇಷ್ಟವಾಗುತ್ತದೆ.

(ಆ) ಎರಡನ್ನೂ ಬೆಸೆದು ಮೂರನೆಯದೇನೋ ಹುಟ್ಟುಹಾಕುತ್ತಾಳೆ. ಇಂಥದ್ದು ಕೆಲವರಿಗೆ ಆಗುವುದುಂಟು. ಕಿವಿಗೂ ಎಲೆಗೂ ಏನು ಸಂಬಂಧ ಎಂದು ಒಂದು ವಾರ ತಲೆ ಕೆರೆದುಕೊಂಡೆ, ಹೊಳೆಯಲಿಲ್ಲ.

"ನೀವೂ ಆರಿಸ್ತಾ ಇಲ್ಲ," ಎಂದಳು ಅಕ್ಕ.

"ನಾನು ಲೇಖಕ. ನನಗೆ ನಡೆಯುತ್ತೆ."

"ನನಗೂ ಇಷ್ಟು ದಿನ ನಡೀತು."

ಸಿಟ್ಟು ಬಂತು ನನಗೆ. ಅಷ್ಟರಲ್ಲಿ ಶುಕ್ರವಾರ ಮಧ್ಯಾಹ್ನವಾಗಿತ್ತು, ಅವಳು ಫೋನ್ ತೆಗೆದುಕೊಂಡಳು. ಅದನ್ನು ನಾನು ಬರೆದಿರಲಿಲ್ಲ.

ಇಲ್ಲಿಯವರೆಗೆ ಅಕ್ಕ ಯಾವುದನ್ನೂ ಬೇಡ ಎಂದವಳಲ್ಲ. ಲ್ಯಾಬಿನ ಬೆಂಚನ್ನೂ ಸೇರಿಸಿ ಎಲ್ಲವನ್ನೂ ಆಮೇಲೆ ನೋಡೋಣ ಎಂದು ಬಾಗಿಲು ಓರೆ ಮಾಡಿ ಬಂದವಳು. ಇಷ್ಟವಾದದ್ದನ್ನು ಬಾಯಿಬಿಟ್ಟು ಬೇಡ ಅನ್ನುವುದು ಅವಳ ಪಾಲಿಗೆ ಹೊಸ ವಿದ್ಯೆ. ಉದ್ಯಾನದ ಕಚೇರಿಯಲ್ಲಿ ಯಾರೋ ಫೋನ್ ಎತ್ತಿದರು.

"ಆ ಸೀಟು ನನಗೆ... ಬೇಡ. ನಾನು ಬರಲ್ಲ."

"ಹೌದಾ? ಸರಿ ಬಿಡಿ," ಎಂದಿತು ಆ ಕಡೆಯ ದನಿ. "ಮುಂದಿನವರಿಗೆ ಹೇಳ್ತೀವಿ."

ಅಷ್ಟೇ. ಯಾರೂ ಬೇಸರಪಟ್ಟುಕೊಳ್ಳಲಿಲ್ಲ, ಇನ್ನೊಮ್ಮೆ ಯೋಚಿಸಿ ಎನ್ನಲಿಲ್ಲ. ಅಕ್ಕ ಒಂದು ಕ್ಷಣ ಹಗುರಾದಳು. ನಾನು ಪೂರ್ಣವಿರಾಮಕ್ಕೆ ಪೆನ್ನು ಎತ್ತಿದೆ. ಅವಳ ಮುಖ ಮತ್ತೆ ಬಿಗಿಯಾಯಿತು.

"ಮುಂದಿನವರು ಅಂದ್ರೆ ಯಾರು?" ಎಂದು ಕೇಳಿದಳು ನನ್ನನ್ನು.

"ನನಗೆ ಗೊತ್ತಿಲ್ಲ."

"ಚೆನ್ನಾಗಿ ಬಿಡಿಸ್ತಾಳಾ?"

"ಅಕ್ಕ, ಕತೆ ಮುಗಿಸೋಕೆ ಬಿಡು."

"ತಾಳಿ. ಇನ್ನೊಂದು ಕಾಲ್ ಮಾಡೋದಿದೆ." ಅವಳ ಬೆರಳು ಫೋನಿನ ಮೇಲೆ ಹೋಗಿ ನಿಂತಿತು. ಕಿವಿಯ ಕೇಂದ್ರದ ನಂಬರು ಕೆಳಗಿತ್ತು, ಈಗಷ್ಟೇ ಮಾತಾಡಿದ ಉದ್ಯಾನದ ನಂಬರು ಅದರ ಮೇಲಿತ್ತು. ಯಾವುದನ್ನು ಒತ್ತುತ್ತಾಳೆ ಎಂದು ನನ್ನನ್ನು ಕೇಳಬೇಡಿ. ಒತ್ತುವವಳು ಅವಳು; ನಾನೂ ನಿಮ್ಮ ಹಾಗೆಯೇ ಅವಳ ಭುಜದ ಹಿಂದೆ ನಿಂತು ನೋಡುತ್ತಿದ್ದೇನೆ, ಹೊಟ್ಟೆ ಉರಿಸಿಕೊಂಡು